ಸಿಮ್ ಲೆಕ್ಕವೂ ಗಿರಾಕಿ ಲೆಕ್ಕವೂ

ಮೊಬೈಲ್ ಕಂಪನಿಯೊಂದು ತನಗೆ ಇಷ್ಟು ಕೋಟಿ ಗ್ರಾಹಕರಿದ್ದಾರೆ ಎಂದಾಗ ಅದು ಎಣಿಸಿರುವುದು ಮನುಷ್ಯರನ್ನಲ್ಲ, ಸಿಮ್‌ಗಳನ್ನು. ಒಬ್ಬರ ಫೋನಿನಲ್ಲಿ ಎರಡು ಕಂಪನಿಗಳ ಸಿಮ್ ಇದ್ದರೆ ಅವರು ಎರಡೂ ಪಟ್ಟಿಗಳಲ್ಲಿ ಇರುತ್ತಾರೆ. ಎರಡೂ ಒಂದೇ ಕಂಪನಿಯವಾದರೆ ಅದೇ ಪಟ್ಟಿಯಲ್ಲಿ ಅವರು ಇಬ್ಬರಾಗುತ್ತಾರೆ. ಇದನ್ನು ಮೋಸ ಎನ್ನಲಾಗದು, ಎಣಿಕೆಯ ಪದ್ಧತಿಯೇ ಹಾಗಿದೆ. ಸಂಖ್ಯೆ ಉಬ್ಬುವುದು ಬೇರೊಂದು ಕಡೆ: ಬಳಕೆ ನಿಂತುಹೋದ ಸಿಮ್ ಅನ್ನು ಪಟ್ಟಿಯಿಂದ ಎಂದು ತೆಗೆಯಬೇಕು ಎಂಬಲ್ಲಿ.

ಪ್ರತಿ ಕಂಪನಿಯ ಬಳಿಯೂ ಎರಡು ಬಗೆಯ ದಾಖಲೆಗಳಿರುತ್ತವೆ. ಎಚ್‌ಎಲ್‌ಆರ್ ಎಂಬುದು ಮನೆಯ ಪಡಿತರ ಚೀಟಿ ಇದ್ದಂತೆ. ಕಂಪನಿ ಚಾಲೂ ಮಾಡಿದ ಎಲ್ಲ ಸಂಖ್ಯೆಗಳೂ ಅದರಲ್ಲಿವೆ. ವಿಎಲ್‌ಆರ್ ಎಂಬುದು ಹಾಜರಿ ಪುಸ್ತಕ. ಈಗ ಯಾವುದೋ ಟವರಿನ ವ್ಯಾಪ್ತಿಯಲ್ಲಿ ಫೋನು ಆನ್ ಆಗಿರುವ ಸಂಖ್ಯೆಗಳು ಮಾತ್ರ ಅಲ್ಲಿ ಕಾಣುತ್ತವೆ. ಫೋನು ಆಫ್ ಆಗಿ ನಿಗದಿತ ಅವಧಿ ಕಳೆದರೆ ಆ ಹೆಸರು ಪುಸ್ತಕದಿಂದ ತಾನಾಗಿ ಅಳಿಸಿಹೋಗುತ್ತದೆ. ಈ ಅವಧಿ 72 ಗಂಟೆ ಮೀರದ ಯಂತ್ರಗಳ ಲೆಕ್ಕವನ್ನೇ ಕೊಡಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಷರತ್ತು. ಹಾಗಿಲ್ಲದಿದ್ದರೆ ತಿಂಗಳ ಹಿಂದೆ ಡ್ರಾಯರ್ ಸೇರಿದ ಫೋನಿಗೂ ಹಾಜರಿ ಬೀಳುತ್ತಿತ್ತು.

ಒಂದು ಕಂಪನಿಯ ಎಚ್‌ಎಲ್‌ಆರ್‌ನಲ್ಲಿ 1,000 ಸಂಖ್ಯೆಗಳಿವೆ ಎಂದಿಟ್ಟುಕೊಳ್ಳೋಣ. ಇವುಗಳಲ್ಲಿ 20 ಪರೀಕ್ಷೆಗೆ ಇಟ್ಟವು ಮತ್ತು ನೌಕರರವು, 80 ಇನ್ನೂ ಅಂಗಡಿಗಳಲ್ಲೇ ಇರುವವು, 60 ಅವಧಿ ಮುಗಿದು ರದ್ದತಿಗೆ ಕಾದಿರುವವು. ಇವನ್ನು ಕಳೆದರೆ ಉಳಿಯುವ 840 ಕಂಪನಿಯ ಚಂದಾದಾರರ ಸಂಖ್ಯೆ. ಆ ತಿಂಗಳಲ್ಲಿ ಹಾಜರಿ ಅತಿ ಹೆಚ್ಚಿದ್ದ ದಿನ ವಿಎಲ್‌ಆರ್‌ನಲ್ಲಿ 700 ಕಂಡರೆ ಸಕ್ರಿಯರ ಪ್ರಮಾಣ ಶೇ 83. ಟ್ರಾಯ್ ತಿಂಗಳ ವರದಿಯಲ್ಲಿ ಎರಡನ್ನೂ ಕೊಡುತ್ತದೆ. ಜಾಹೀರಾತಿನಲ್ಲಿ ಮಾತ್ರ 840 ಕಾಣುತ್ತದೆ. ಅಂಗಡಿಯ ಸಿಮ್‌ಗಳನ್ನು ಕಳೆಯದೆ ಬಿಟ್ಟರೆ ಅದು 920 ಆಗುತ್ತದೆ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ.

ಉಳಿದ 140 ಎಲ್ಲಿಂದ ಬಂದವು? ಕೊಡುಗೆಯ ಆಸೆಗೆ ಕೊಂಡು, ಕೊಡುಗೆ ಮುಗಿದ ಮೇಲೆ ಬಿಸಾಡಿದ ಸಿಮ್‌ಗಳು ಕೆಲವು, ಕಮಿಷನ್ ಗುರಿ ಮುಟ್ಟಲು ಮಾರಾಟಗಾರ ತುರುಕಿದವು ಕೆಲವು. ಪ್ರಿಪೇಯ್ಡ್ ಸಂಖ್ಯೆಯನ್ನು ಬಳಕೆಯಿಲ್ಲವೆಂಬ ಕಾರಣಕ್ಕೆ 90 ದಿನಗಳೊಳಗೆ ರದ್ದು ಮಾಡಬಾರದು ಎಂಬ ನಿಯಮವೂ ಇದೆ. ಗ್ರಾಹಕನ ಹಿತಕ್ಕಾಗಿ ಬಂದ ಈ ನಿಯಮದ ನೆರಳಿನಲ್ಲಿ ಸತ್ತ ಸಿಮ್‌ಗಳೂ ಕನಿಷ್ಠ ಮೂರು ತಿಂಗಳು ಬದುಕುತ್ತವೆ. 90 ದಿನ ಕಳೆದ ಮೇಲೂ ತೆಗೆಯಲು ಕಂಪನಿಗೆ ಅವಸರವಿರುವುದಿಲ್ಲ. ಹರಾಜು ಪದ್ಧತಿ ಬರುವ ಮೊದಲಂತೂ ಹೆಚ್ಚುವರಿ ತರಂಗಾಂತರ ಸಿಗುತ್ತಿದ್ದುದು ಚಂದಾದಾರರ ಸಂಖ್ಯೆಯ ಆಧಾರದ ಮೇಲೆ, ಉಬ್ಬಿಸಿದರೆ ಲಾಭವಿತ್ತು.

2018ರ ಕೊನೆಯಲ್ಲಿ ಏರ್‌ಟೆಲ್ ಕನಿಷ್ಠ ರೀಚಾರ್ಜ್ ಕಡ್ಡಾಯ ಮಾಡಿತು, ಆದಾಯ ತರುವವರನ್ನಷ್ಟೇ ಗ್ರಾಹಕರೆಂದು ಲೆಕ್ಕಕ್ಕೆ ಹಿಡಿಯತೊಡಗಿತು. ಸುಮಾರು 34 ಕೋಟಿ ಇದ್ದ ಅದರ ಸಂಖ್ಯೆ ಡಿಸೆಂಬರ್ ಅಂತ್ಯಕ್ಕೆ ಸುಮಾರು 28.4 ಕೋಟಿಗೆ ಇಳಿಯಿತು. ಅದೇ ಡಿಸೆಂಬರ್‌ನ ಟ್ರಾಯ್ ವರದಿಯಲ್ಲಿ ಮಾತ್ರ ಏರ್‌ಟೆಲ್ ಚಂದಾದಾರರು 34 ಕೋಟಿಯಾಗಿಯೇ ಉಳಿದರು. ಒಂದೇ ಕಂಪನಿ, ಒಂದೇ ತಿಂಗಳು, ಐದೂವರೆ ಕೋಟಿಗೂ ಹೆಚ್ಚು ವ್ಯತ್ಯಾಸ. ಎರಡೂ ತಮ್ಮ ತಮ್ಮ ವ್ಯಾಖ್ಯೆಗೆ ಸರಿ. ಕಂಪನಿ ಬಡವಾಗಲೂ ಇಲ್ಲ. ಕಾಸು ತಾರದವರು ಪಟ್ಟಿಯಿಂದ ಹೋದದ್ದರಿಂದ ತಲಾ ಸರಾಸರಿ ಆದಾಯ ಏರಿತು.

ಉಬ್ಬು ಗುರುತಿಸಲು ಈ ತಲಾ ಆದಾಯವೇ ಒಳ್ಳೆಯ ಕೈಪಿಡಿ. ದರ ಇಳಿಸದೆಯೂ ಗ್ರಾಹಕರು ಏರುತ್ತಾ ತಲಾ ಆದಾಯ ಕುಸಿಯುತ್ತಿದ್ದರೆ ಹೊಸಬರು ಹಣ ಕೊಡುವವರಲ್ಲ ಎಂದು ಅನುಮಾನಿಸಬೇಕು. ಪಟ್ಟಿ ಶುಚಿಯಾಗುವಾಗ ಇದು ತಿರುಗುಮುರುಗಾಗುತ್ತದೆ. 2021ರ ಸೆಪ್ಟೆಂಬರ್ ಒಂದರಲ್ಲೇ ಜಿಯೋ ಪಟ್ಟಿಯಿಂದ ಸುಮಾರು 1.9 ಕೋಟಿ ಸಂಖ್ಯೆಗಳು ಹೋದಾಗ ‘ಜಿಯೋಗೆ ಭಾರಿ ನಷ್ಟ’ ಎಂದು ಓದಿದವರು ಅರ್ಧ ಮಾತ್ರ ಓದಿದರು. ಆ ತಿಂಗಳುಗಳಲ್ಲಿ ಅದರ ಸಕ್ರಿಯರ ಪ್ರಮಾಣ ಮೇಲೇರಿತು.

ಹಾಜರಿ ಪುಸ್ತಕಕ್ಕೂ ಮಿತಿಯಿದೆ. ಎರಡನೇ ಕಿಂಡಿಯಲ್ಲಿ ಬರಿದೆ ಕುಳಿತ, ಒಂದು ಪೈಸೆಯನ್ನೂ ತಾರದ ಸಿಮ್ ಸಹ ಫೋನು ಆನ್ ಇರುವ ತನಕ ವಿಎಲ್‌ಆರ್‌ನಲ್ಲಿ ಸಕ್ರಿಯವೇ. ಜನರಿಗೂ ಸಂಪರ್ಕಗಳಿಗೂ ಇರುವ ಅಂತರವನ್ನು ಅದೂ ತೋರಿಸುವುದಿಲ್ಲ: ದೆಹಲಿಯಲ್ಲಿ ಪ್ರತಿ 100 ಜನರಿಗೆ 200ಕ್ಕೂ ಹೆಚ್ಚು ಸಂಪರ್ಕಗಳು ದಾಖಲಾಗಿವೆ.