ಅಣ್ಣನ ಫೋನಿನಲ್ಲಿ ಉಳಿದ ನಮ್ಮ ಮನೆ

ಗೀಸರ್ ಕೂರಿಸಲು ಬಂದ ಹುಡುಗ ಬಚ್ಚಲುಮನೆ ಗೋಡೆಗೆ ಡ್ರಿಲ್ ಹಿಡಿದು ನಿಂತು, "ಒಳಗೆ ಪೈಪ್ ಎಲ್ಲಿ ಹೋಗಿದೆ ಸಾರ್?" ಎಂದು ಕೇಳಿದ. ಗೊತ್ತಿರಬೇಕಿತ್ತು. ಪ್ಲಾಸ್ಟರ್ ಆಗುವ ಮೊದಲು ಒಂದೊಂದು ಗೋಡೆಯ ಫೋಟೊ ತೆಗೆದು, ನಾನು, ಅಕ್ಕ, ಅಣ್ಣ ಮೂವರೇ ಇದ್ದ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಆದರೆ ಆ ಫೋನು ನೀರಿಗೆ ಬಿದ್ದಿತ್ತು. ಹೊಸದರಲ್ಲಿ ವಾಟ್ಸಾಪ್ ಹಾಕುವಾಗ ಹಳೆಯದನ್ನು ತುಂಬಿಸಬೇಕೇ ಎಂದು ಅದು ಕೇಳಿದ್ದಕ್ಕೆ ಅವಸರದಲ್ಲಿ ಸ್ಕಿಪ್ ಒತ್ತಿದ್ದೆ. ರಾತ್ರಿ ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂತಿತು. ನಿಮಗೂ ಹೀಗಾದರೆ ಮೊದಲು ಬ್ಯಾಕಪ್ ಉಳಿದಿದೆಯೇ ನೋಡಿ. ಅದು ಹೋಗಿದ್ದರೆ ಮಾತ್ರ ಮುಂದಿನ ದಾರಿ.

ವಾಟ್ಸಾಪ್ ಕಂಪನಿಯನ್ನು ಕೇಳಿ ಪ್ರಯೋಜನವಿಲ್ಲ. ಸಂದೇಶ ತಲುಪಿದ ಮೇಲೆ ಅವರ ಸರ್ವರಿನಲ್ಲಿ ಅದರ ಪ್ರತಿ ಇರುವುದಿಲ್ಲ. ಇರುವುದು ಮಾತಾಡಿದವರ ಫೋನುಗಳಲ್ಲಿ. ನನ್ನ ಪ್ರತಿ ಹೋಯಿತು, ಅಕ್ಕನದೂ ಅಣ್ಣನದೂ ಇನ್ನೂ ಇವೆ ಎನ್ನುವುದೇ ಇಲ್ಲಿ ಗಟ್ಟಿ ಆಸರೆ.

ಇಬ್ಬರಲ್ಲಿ ಯಾರನ್ನು ಕೇಳುವುದು? ಮೈಸೂರಿನ ಅಕ್ಕ ಹತ್ತಿರದವಳು, ಆದರೆ "ಸ್ಟೋರೇಜ್ ಫುಲ್" ಎಂದು ಬಂದಾಗಲೆಲ್ಲ ಫೋಟೊಗಳನ್ನು ಒಟ್ಟಿಗೆ ಅಳಿಸುವವಳು. ಫೋನಿನಲ್ಲಿ ಇಲ್ಲದ ಫೋಟೊ ಎಕ್ಸ್‌ಪೋರ್ಟಿನಲ್ಲೂ ಬರುವುದಿಲ್ಲ. ಆಮೇಲೆ ಗುಂಪಿಗೆ ಸೇರಿದವರ ಬಳಿ ಸೇರುವ ಮೊದಲಿನ ಮಾತೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣ ಏನನ್ನೂ ಅಳಿಸುವವನಲ್ಲ, ಅದು ಅವನ ಸ್ವಭಾವ. ಆದರೂ ಕೇಳುವ ಮೊದಲು ಒಂದು ಪರೀಕ್ಷೆ ಮಾಡಿಸಿದೆ. ಗುಂಪಿನಲ್ಲಿ "ಮೋಲ್ಡಿಂಗ್" ಎಂದು ಹುಡುಕಲು ಹೇಳಿದೆ. 2022ರ ಸಾಲುಗಳು ಬಂದವು. ಅಂದರೆ ಅವನ ಬಳಿ ಇದೆ.

ಮೊದಲ ಸಲ ನಾನು "ಆ ಚಾಟ್ ಕಳಿಸು" ಎಂದಷ್ಟೇ ಬರೆದೆ. ಅವನು ಹತ್ತು ಫೋಟೊ ಫಾರ್ವರ್ಡ್ ಮಾಡಿ ಮುಗಿಸಿದ. ಫಾರ್ವರ್ಡ್ ಆದದ್ದಕ್ಕೆ ಕಳಿಸಿದವರ ಹೆಸರೂ ಇಲ್ಲ, ಹಳೆಯ ತಾರೀಖೂ ಇಲ್ಲ. ಯಾವ ಗೋಡೆ ಯಾವುದು ಎಂದು ಕೆಳಗೆ ಬರೆದಿದ್ದ ಮಾತೂ ಬರಲಿಲ್ಲ. ಎರಡನೆಯ ಸಲ ಬಿಡಿಸಿ ಬರೆದೆ:

"ಅಣ್ಣಾ, ಗುಂಪು ತೆಗೆದು ಮೇಲಿನ ಹೆಸರನ್ನು ಒತ್ತು. ಕೆಳಗೆ ಸರಿಸಿದರೆ Export Chat ಅಂತ ಇದೆ. ಒಂದು ಸಲ Without Media, ಇನ್ನೊಂದು ಸಲ Attach Media ಮಾಡಿ ಎರಡನ್ನೂ ಡ್ರೈವ್‌ಗೆ ಹಾಕು. ಇದರಿಂದ ನಿನ್ನ ಫೋನಲ್ಲಿ ಏನೂ ಅಳಿಯೋದಿಲ್ಲ."

ಕೊನೆಯ ವಾಕ್ಯ ಬೇಕೇ ಬೇಕು. ಎಕ್ಸ್‌ಪೋರ್ಟ್ ಎಂದರೆ ತನ್ನ ಬಳಿಯಿದ್ದದ್ದು ಹೊರಗೆ ಹೋಗಿಬಿಡುತ್ತದೆ ಎಂದು ಹೆದರುವವರು ಬಹಳ. ಅಣ್ಣನದು ಐಫೋನ್, ಅದಕ್ಕೆ ಹೀಗೆ ಹೇಳಿದೆ. ಆಂಡ್ರಾಯ್ಡ್ ಆದರೆ ಚಾಟ್ ತೆಗೆದು, ಮೂಲೆಯ ಮೂರು ಚುಕ್ಕೆ, ಅದರಲ್ಲಿ More, ಆಮೇಲೆ Export chat. ಆ ಸಾಲೇ ಕೆಲಸ ಮಾಡದಿದ್ದರೆ ಆ ಚಾಟಿಗೆ Advanced chat privacy ಹಾಕಿದ್ದಾರೆಯೇ ನೋಡಿ. 2025ರಲ್ಲಿ ಬಂದ ಈ ಆಯ್ಕೆ ಎಕ್ಸ್‌ಪೋರ್ಟನ್ನೇ ತಡೆಯುತ್ತದೆ.

ಎರಡು ಸಲ ಏಕೆ ಎಂದರೆ ಮಿತಿ ಇದೆ. ಫೋಟೊ ಸಮೇತವಾದರೆ ಇತ್ತೀಚಿನ 10,000 ಸಂದೇಶ, ಬರಿಯ ಅಕ್ಷರವಾದರೆ 40,000 ಎಂದು ವಾಟ್ಸಾಪ್ ಹೇಳುತ್ತದೆ. ನಾವು ಮೂವರೂ ಮಾತಿನ ಮಲ್ಲರು. ಮೂರು ವರ್ಷಕ್ಕೆ ಸುಮಾರು ಇಪ್ಪತ್ತಮೂರು ಸಾವಿರ ಸಂದೇಶ ಆಗಿದ್ದವು. ಅಕ್ಷರದ ಕಡತ 2021ರಲ್ಲಿ ಗುಂಪು ಶುರುವಾದಲ್ಲಿಂದಲೇ ಇತ್ತು. ಫೋಟೊ ಇದ್ದ ಕಡತದ ಮೊದಲ ಸಾಲೇ 2023ರ ಫೆಬ್ರವರಿಯದು. ನನಗೆ ಬೇಕಿದ್ದ ಗೋಡೆಗಳು 2022ರ ಜುಲೈನವು. ಕಡತ ಬಂದ ತಕ್ಷಣ ಮೊದಲ ಸಾಲಿನ ತಾರೀಖು ನೋಡಿ, ಕತ್ತರಿಸಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಆ ಹಳೆಯ ಫೋಟೊಗಳನ್ನು ಅಣ್ಣ ಗುಂಪಿನ ಮೀಡಿಯಾ ಪುಟದಲ್ಲಿ ಜುಲೈ ತಿಂಗಳ ತನಕ ಸರಿಸಿ ಒಂಬತ್ತನ್ನು ಬೇರೆಯಾಗಿ ಕಳಿಸಿದ. ಯಾವುದು ಯಾವ ಗೋಡೆ ಎಂಬುದನ್ನು ಅಕ್ಷರದ ಕಡತದಲ್ಲಿ ಓದಿಕೊಂಡೆ.

ಆ ಕಡತವನ್ನು ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ತೆಗೆದಾಗ ಕನ್ನಡವೆಲ್ಲ `à²®à³` ಎಂಬಂಥ ಕಲಸುಮೇಲೋಗರವಾಗಿ ಕಂಡಿತು. ಕಡತ ಕೆಟ್ಟಿರಲಿಲ್ಲ. ತೆರೆಯುವಾಗ ಎನ್‌ಕೋಡಿಂಗ್ `UTF-8` ಎಂದು ಆರಿಸಿದ ಮೇಲೆ ಸರಿಯಾಯಿತು. ನಿಜವಾಗಿ ತಲೆ ತಿಂದದ್ದು ಈ ಸಾಲು:

```
[4/5/22, 8:40:12 PM] ಚಿಕ್ಕ: ಮೇಸ್ತ್ರಿಗೆ 40,000 ಕೊಟ್ಟೆ. ಶನಿವಾರ ಮೋಲ್ಡಿಂಗ್
```

"ಚಿಕ್ಕ" ಅಂದರೆ ನಾನು. ಎಕ್ಸ್‌ಪೋರ್ಟ್ ಮಾಡಿದವರು ನಮ್ಮನ್ನು ತಮ್ಮ ಫೋನಿನಲ್ಲಿ ಏನೆಂದು ಸೇವ್ ಮಾಡಿಕೊಂಡಿದ್ದಾರೋ ಅದೇ ಹೆಸರು ಬರುತ್ತದೆ. ನನ್ನ ಪುಣ್ಯಕ್ಕೆ ಇಷ್ಟರಲ್ಲೇ ಇತ್ತು. ಆದರೆ ಮೇ 4ರಂದು ರಾತ್ರಿ ನಾನು ಮೇಸ್ತ್ರಿಗೆ ದುಡ್ಡು ಕೊಟ್ಟ ನೆನಪೇ ಇರಲಿಲ್ಲ. ಸುಮ್ಮನೆ ಕೆಳಗೆ ಸರಿಸುತ್ತ ಹೋದಾಗ `4/13/22` ಎಂಬ ಸಾಲು ಸಿಕ್ಕಿತು. ಹದಿಮೂರನೇ ತಿಂಗಳಿಲ್ಲವಲ್ಲ! ಅಣ್ಣನ ಫೋನು ಅಮೆರಿಕದ ರೀತಿಯಲ್ಲಿ ತಿಂಗಳನ್ನು ಮೊದಲು ಬರೆಯುತ್ತದೆ. ಅಂದರೆ ಅದು ಏಪ್ರಿಲ್ 5. ಗಂಟೆಯೂ ಅಲ್ಲಿನದೇ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿನ ಏಪ್ರಿಲ್ 5ರ ರಾತ್ರಿ 8.40 ಎಂದರೆ ನಮಗೆ ಏಪ್ರಿಲ್ 6ರ ಬೆಳಿಗ್ಗೆ 9.10. ಬ್ಯಾಂಕಿನ ಪಾಸ್‌ಬುಕ್ ತೆಗೆದು ನೋಡಿದೆ, 6ನೇ ತಾರೀಖಿಗೆ 40,000 ತೆಗೆದದ್ದು ಇತ್ತು. ನವೆಂಬರಿನಿಂದ ಮಾರ್ಚಿನವರೆಗಿನ ಸಾಲುಗಳಿಗೆ ಈ ಅಂತರ ಹದಿಮೂರೂವರೆ ಗಂಟೆ ಎಂಬುದನ್ನೂ ನೆನಪಿಡಬೇಕಾಯಿತು.

ಈ ಕಡತವನ್ನು ಮತ್ತೆ ವಾಟ್ಸಾಪಿನೊಳಗೆ ತುಂಬಲು ಬರುವುದಿಲ್ಲ. ಅದು ಓದಲು, ಹುಡುಕಲು ಮಾತ್ರ. ಮೇಸ್ತ್ರಿಯ ಜೊತೆ ಲೆಕ್ಕದ ಜಗಳ ಕೋರ್ಟಿಗೇ ಹೋಗಿದ್ದರೆ ಇದೊಂದನ್ನೇ ಮುಂದಿಡುವುದು ಸಾಲದು, ಯಾಕೆಂದರೆ ಯಾರು ಬೇಕಾದರೂ ತಿದ್ದಬಹುದಾದ ಬರಿಯ ಅಕ್ಷರ ಅದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಆಗ ಅಣ್ಣನ ಫೋನನ್ನು ಹಾಗೆಯೇ ಉಳಿಸಿಕೊಂಡು ವಕೀಲರನ್ನು ಕೇಳಬೇಕಾಗುತ್ತಿತ್ತು.

ಕೇಳುವಾಗ ನನಗೆ ಹೊಳೆಯದೆ ಹೋದದ್ದು ಇನ್ನೊಂದು. ಎಕ್ಸ್‌ಪೋರ್ಟಿನಲ್ಲಿ "ಇಂಥ ತಾರೀಖಿನಿಂದ ಇಂಥ ತಾರೀಖಿಗೆ" ಎಂದು ಆರಿಸುವ ಅವಕಾಶವಿಲ್ಲ, ಇಡೀ ಮೂಟೆಯೇ ಬರುತ್ತದೆ. ನಮ್ಮ ಮೂವರ ಗುಂಪಿಗೆ ಪರವಾಗಿಲ್ಲ. ಅಪಾರ್ಟ್‌ಮೆಂಟಿನ ಇನ್ನೂರು ಜನರ ಗುಂಪಾದರೆ, ಹೆಸರಿಲ್ಲದವರ ಫೋನ್ ನಂಬರುಗಳೂ ಅದರಲ್ಲಿ ಬರುತ್ತವೆ. ಬೇಕಾದ್ದು ಹತ್ತು ಸಾಲೇ ಆದರೆ ಆಂಡ್ರಾಯ್ಡ್ ಇರುವವರಿಗೆ ಬೇರೆ ಹೇಳಿ: ಆ ಸಾಲುಗಳನ್ನು ಒಟ್ಟಿಗೆ ಆರಿಸಿ ಫಾರ್ವರ್ಡ್ ಬದಲು ಕಾಪಿ ಮಾಡಿ ಅಂಟಿಸಲಿ. ಒಂದಕ್ಕಿಂತ ಹೆಚ್ಚು ಸಾಲು ಕಾಪಿ ಮಾಡಿದಾಗ ಪ್ರತಿ ಸಾಲಿನ ಮುಂದೆ ಹೆಸರೂ ಹೊತ್ತೂ ತಾವಾಗಿಯೇ ಬರುತ್ತವೆ.

ಗೀಸರ್ ಹುಡುಗ ಮಾರನೆಯ ದಿನ ಬಂದ. ಏಳನೇ ಫೋಟೊದಲ್ಲಿ ಪೈಪು ಕಿಟಕಿಯ ಎಡಕ್ಕೆ ಒಂದು ಗೇಣು ಬಿಟ್ಟು ನೇರ ಮೇಲೆ ಹೋಗಿತ್ತು. ಅವನು ಬಲಕ್ಕೆ ತೂತು ಹಾಕಿದ. ಅಣ್ಣ ಮಾತ್ರ ಕಡತ ಓದಿದವನು ಅಲ್ಲಿಗೇ ಬಿಡಲಿಲ್ಲ. ಮೋಲ್ಡಿಂಗ್ ಆದ ರಾತ್ರಿ ನನ್ನ ಹೆಸರಿನ ಮುಂದೆ `This message was deleted.` ಎಂದು ಮೂರು ಸಲ ಇದೆಯಂತೆ. "ಏನು ಬರೆದು ಅಳಿಸಿದ್ದೆಯೋ?" ಎಂದು ಕೇಳಿದ. ಅದು ಅವನ ಫೋನಿನಲ್ಲೂ ಉಳಿದಿಲ್ಲ, ನನ್ನ ತಲೆಯಲ್ಲೂ ಇಲ್ಲ.