ಕೊರಿಯಾದ ‘ಐಗೂ’, ಗಡಹಿಂಗ್ಲಜದ ‘ಯವ್ವಾ’: ಉದ್ಗಾರ ಒಂದು, ಭಾವ ಹಲವು

ಕೊಲ್ಹಾಪುರ: ಗಡಹಿಂಗ್ಲಜ ಭಾಗದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕಾಲೇಜಿಗೆ ಹೋಗುವ ಮೊಮ್ಮಗಳು ಮೊಬೈಲ್‌ನಲ್ಲಿ ಕೊರಿಯನ್ ಧಾರಾವಾಹಿ ನೋಡುತ್ತಿದ್ದಾಳೆ. ಪಕ್ಕದಲ್ಲಿ ಅವಲಕ್ಕಿ ಆರಿಸುತ್ತ ಕುಳಿತ ಅಜ್ಜಿಗೆ ಅದರ ಒಂದು ಮಾತೂ ತಿಳಿಯದು. ಆದರೆ ಪರದೆಯ ಮೇಲಿನ ಮುದುಕಿ ಮೊಣಕಾಲು ಹಿಡಿದು ‘ಐಗೂ...’ ಎಂದು ನೆಲಕ್ಕೆ ಕುಳಿತಾಗ ಅಜ್ಜಿಗೆ ಅನುವಾದ ಬೇಕಾಗುವುದಿಲ್ಲ. ತಾನು ಕೂಡುವಾಗ ಅನ್ನುವ ‘ಯವ್ವಾ...’ ಅದೇ ತಾನೆ!

ಐಗೂ, ಡೆಬಾಕ್, ಹೊಲ್, ಒಮೊ ಮುಂತಾದ ಉದ್ಗಾರಗಳು ಕೊರಿಯನ್ ಧಾರಾವಾಹಿ ನೋಡುವ ಹುಡುಗ-ಹುಡುಗಿಯರ ಮಾತಿನಲ್ಲಿ ಬೆರೆತಿವೆ. ಕನ್ನಡ, ಮರಾಠಿ ಎರಡನ್ನೂ ಆಡುವ ಈ ಗಡಿಭಾಗದವರಿಗೆ ಅವುಗಳ ಭಾವ ಹಿಡಿಯಲು ಒಂದು ಅನುಕೂಲವಿದೆ. ಒಂದು ಕೊರಿಯನ್ ಉದ್ಗಾರದ ಎದುರು ಇಡಲು ಅವರ ಬಳಿ ಎರಡು ಭಾಷೆಯ ಉದ್ಗಾರಗಳಿವೆ.

ಮೊದಲು ಐಗೂ. ಕೊರಿಯಾದ ನಿಘಂಟಿನಲ್ಲಿ ಇದರ ರೂಪ ‘ಆ-ಇ-ಗೊ’ ಎಂಬ ಮೂರು ಅಕ್ಷರದ್ದು. ಆಡುಮಾತಿನಲ್ಲಿ ಅದು ‘ಐಗೂ’ ಆಗುತ್ತದೆ. ಇದಕ್ಕೆ ‘ಅಯ್ಯೋ’ ಎಂದು ಒಂದೇ ಅರ್ಥ ಬರೆದುಕೊಂಡರೆ ಅರ್ಧ ದಾರಿಯಲ್ಲೇ ತಪ್ಪುತ್ತದೆ. ಏಕೆಂದರೆ ಭಾವವಿರುವುದು ಶಬ್ದದಲ್ಲಲ್ಲ, ಅದನ್ನು ಎಳೆಯುವ ರೀತಿಯಲ್ಲಿ. ಎಡವಿದಾಗ, ಕೈ ಸುಟ್ಟಾಗ ಬರುವ ಐಗೂ ಚಿಕ್ಕದು, ಥಟ್ಟನೆ ಮುಗಿಯುತ್ತದೆ. ಇದು ಮರಾಠಿಯ ‘ಆಯಿ ಗ!’ ಇದ್ದ ಹಾಗೆ. ದಣಿದು ಕೂಡುವಾಗಿನ ಐಗೂ ಉಸಿರಿನೊಂದಿಗೆ ನಿಧಾನವಾಗಿ ಕೆಳಗಿಳಿಯುತ್ತದೆ. ಮಗ ಮತ್ತೆ ಪರೀಕ್ಷೆಯಲ್ಲಿ ನಪಾಸಾದಾಗ ತಾಯಿ ಅನ್ನುವ ಐಗೂದಲ್ಲಿ ಮೊದಲ ಅಕ್ಷರದ ಮೇಲೆ ಒತ್ತು ಬೀಳುತ್ತದೆ, ಹಿಂದೆಯೇ ಬೈಗುಳ ಬರುತ್ತದೆ.

ಇನ್ನೊಂದು ಐಗೂ ಇದೆ, ಹೊಸಬರು ಮೋಸ ಹೋಗುವುದು ಅಲ್ಲೇ. ಅಜ್ಜಿ ಮೊಮ್ಮಗುವಿನ ಗಲ್ಲ ಹಿಡಿದು, ದನಿಯನ್ನು ಮೇಲಕ್ಕೇರಿಸಿ, ಕೊನೆಯ ಸ್ವರವನ್ನು ಎಳೆದು ಐಗೂ ಅನ್ನುತ್ತಾಳೆ. ಅಲ್ಲಿ ದುಃಖದ ಸುಳಿವೂ ಇಲ್ಲ, ಬರೀ ಮುದ್ದು. ಹಾಗೆಯೇ ಬಹಳ ದಿನದ ಮೇಲೆ ಬಂದ ನೆಂಟರನ್ನು ಬಾಗಿಲಲ್ಲಿ ಎದುರುಗೊಳ್ಳುವಾಗಲೂ ಐಗೂ ಬರುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ‘ಅಯ್ಯ, ಯಾವಾಗ ಬಂದ್ರಿ? ಬರ್ರಿ ಬರ್ರಿ’ ಅನ್ನುವುದಿಲ್ಲವೆ? ಮರಾಠಿ ಮನೆಯಲ್ಲಾದರೆ ‘ಅಗಬಾಯಿ!’ ಆ ‘ಅಯ್ಯ’ದಲ್ಲೂ ‘ಅಗಬಾಯಿ’ಯಲ್ಲೂ ಇರುವುದು ಸಂಭ್ರಮವೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ‘ರಿಪ್ಲೈ 1988’ ಧಾರಾವಾಹಿ ಒಳ್ಳೆಯ ಉದಾಹರಣೆ. ಕೊರಿಯಾದ ಟಿವಿಎನ್ ವಾಹಿನಿಯಲ್ಲಿ 2015ರ ನವೆಂಬರ್‌ನಿಂದ 2016ರ ಜನವರಿವರೆಗೆ ಇದು ಪ್ರಸಾರವಾಯಿತು. ಸೋಲ್ ನಗರದ ಒಂದು ಓಣಿಯ ಕುಟುಂಬಗಳ ಕಥೆ ಅದು. ಅದರಲ್ಲಿ ಹುಡುಗಿ ಡೊಕ್‌ಸನ್ ಮತ್ತು ನೆರೆಮನೆಯ ಯಜಮಾನ ಎದುರಾದಾಗಲೆಲ್ಲ ಒಂದು ತಮಾಷೆ ನಡೆಯುತ್ತದೆ. ಆಕೆ ಅವನನ್ನು ‘ಐಗೂ, ಕಿಮ್ ಸಾಹುಕಾರ್ರೆ!’ ಎಂಬಂತೆ ಕರೆಯುತ್ತಾಳೆ. ಅವನೂ ‘ಐಗೂ, ಸೊಂಗ್ ಸಾಹುಕಾರ್ರೆ!’ ಎಂದು ಉತ್ತರಿಸುತ್ತಾನೆ. ಕೈ ಆಡಿಸುತ್ತ ‘ಭಾಳ ಸಂತೋಷ, ಭಾಳ ಸಂತೋಷ’ ಎಂದು ಇಬ್ಬರೂ ಕುಣಿಯುತ್ತಾರೆ. ಸಬ್‌ಟೈಟಲ್ ಮುಚ್ಚಿ ಈ ದೃಶ್ಯ ನೋಡಿದರೂ ಇಲ್ಲಿ ಐಗೂ ಎಂದರೆ ನಗೆ ಎಂಬುದು ಗೊತ್ತಾಗುತ್ತದೆ. ಅದೇ ಧಾರಾವಾಹಿಯಲ್ಲಿ ತಾಯಂದಿರು ಜಗುಲಿಯ ಮೇಲೆ ಕುಳಿತು ಕಾಳು ಸುಲಿಯುತ್ತ ಬಿಡುವ ಐಗೂ ಬೇರೆ, ಅದು ಸಂಸಾರದ ನಿಟ್ಟುಸಿರು.

ಸಾವಿನ ಮನೆಯಲ್ಲೂ ಇದೇ ಶಬ್ದ ಕೇಳುತ್ತದೆ. ಕೊರಿಯಾದ ಹಳೆಯ ಪದ್ಧತಿಯಲ್ಲಿ ಶವದ ಮುಂದೆ ದನಿ ತೆಗೆದು ಅಳುವುದೂ ವಿಧಿಯ ಒಂದು ಭಾಗ. ಅದಕ್ಕೆ ‘ಗೋಕ್’ ಎಂದು ಹೆಸರು. ಸತ್ತವರ ಮಕ್ಕಳು ‘ಐಗೊ, ಐಗೊ’ ಎಂದು ಅತ್ತರೆ, ದೂರದ ಬಂಧುಗಳು ‘ಒಇ, ಒಇ’ ಅನ್ನುವುದು ವಾಡಿಕೆ. ನಮ್ಮ ಹಳ್ಳಿಗಳಲ್ಲಿ ಹಾಡ್ಯಾಡಿಕೊಂಡು ಅಳುವುದನ್ನು ಕೇಳಿದವರಿಗೆ ಇದು ಹೊಸದೆನಿಸದು. ಐತಿಹಾಸಿಕ ಧಾರಾವಾಹಿ ನೋಡುವಾಗ ಬಿಳಿಯ ಅಥವಾ ಸೆಣಬಿನ ಬಟ್ಟೆ ತೊಟ್ಟವರು ಒಂದೇ ಲಯದಲ್ಲಿ ಐಗೊ ಎನ್ನುತ್ತಿದ್ದರೆ ಅದು ಗೋಕ್ ಎಂದು ತಿಳಿಯಬೇಕು.

ಹಾಗಾದರೆ ಐಗೂ, ಅಯ್ಯೋ ಎರಡೂ ಒಂದೇ ಬೇರಿನವೆ? ಅಮ್ಮನಿಗೆ ‘ಒಮ್ಮಾ’, ಅಪ್ಪನಿಗೆ ‘ಅಪ್ಪಾ’ ಎನ್ನುವ ಕೊರಿಯನ್ ಭಾಷೆ ನಮ್ಮದರ ನೆಂಟಸ್ತಿಕೆಯದೆಂಬ ಮಾತು ಆಗಾಗ ಕೇಳಿಬರುತ್ತದೆ. ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿಯೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಬರೆದಿದ್ದ. ಆದರೆ ಇಂದಿನ ಭಾಷಾವಿಜ್ಞಾನಿಗಳು ಈ ವಾದವನ್ನು ಒಪ್ಪುವುದಿಲ್ಲ. ನೋವಾದಾಗ ಬಾಯಿ ತೆರೆದರೆ ಮೊದಲು ಹೊರಡುವುದು ‘ಆ’, ‘ಐ’ಯಂಥ ಸ್ವರಗಳೇ. ಹೋಲಿಕೆಗೆ ಅಷ್ಟು ಕಾರಣ ಸಾಕು. ನಮ್ಮ ‘ಯವ್ವಾ’, ಮರಾಠಿಯ ‘ಆಯಿ ಗ’ ಎರಡರಲ್ಲೂ ತಾಯಿ ಇದ್ದಾಳೆ, ಐಗೂದಲ್ಲಿ ತಾಯಿಯ ಹೆಸರಿಲ್ಲ.

ಇನ್ನು ಡೆಬಾಕ್. ಕೊನೆಯ ‘ಕ್’ ಅನ್ನು ಪೂರ್ತಿ ಉಚ್ಚರಿಸದೆ ಗಂಟಲಲ್ಲೇ ತಡೆಯಬೇಕು. ಇದು ಐಗೂದಂತೆ ಬರೀ ದನಿಯಲ್ಲ, ಅರ್ಥವಿರುವ ನಾಮಪದ. ಸಿನಿಮಾ ಓಡಿದರೆ, ಅಂಗಡಿಗೆ ಭರ್ಜರಿ ವ್ಯಾಪಾರವಾದರೆ ಅದು ‘ಡೆಬಾಕ್’. ಶಬ್ದದ ಮೂಲದ ಬಗ್ಗೆ ಒಮ್ಮತವಿಲ್ಲ. ದೊಡ್ಡ ಸೋರೆಕಾಯಿ ಎಂದು ಕೆಲವರು, ಸರಕು ತುಂಬಿದ ದೊಡ್ಡ ಹಡಗು ಎಂದು ಕೆಲವರು ಹೇಳುತ್ತಾರೆ. ಸೋರೆಕಾಯಿಯ ಹಿಂದೆ ಹುಂಗ್‌ಬು ಎಂಬ ಬಡವನ ಜನಪದ ಕಥೆ ಇದೆ: ಕಾಲು ಮುರಿದ ಪಕ್ಷಿಗೆ ಆರೈಕೆ ಮಾಡಿದ ಅವನ ಹಿತ್ತಲ ಸೋರೆಕಾಯಿ ಒಡೆದಾಗ ಐಶ್ವರ್ಯ ಸುರಿಯಿತಂತೆ. ಆಮೇಲೆ ಯುವಜನರ ಬಾಯಲ್ಲಿ ಅದೇ ಶಬ್ದ ‘ಅಬ್ಬಾ, ಭಾರಿ!’ ಎಂಬ ಉದ್ಗಾರವಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೊರಿಯಾ ಮೂಲದ 26 ಶಬ್ದಗಳನ್ನು ಸೇರಿಸಿಕೊಂಡಾಗ ಇದಕ್ಕೂ ಜಾಗ ಸಿಕ್ಕಿತು. ಐಗೂಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ!

ಡೆಬಾಕ್‌ಗೆ ಕೊಲ್ಹಾಪುರದಲ್ಲಿ ಜೋಡಿ ಹುಡುಕುವುದು ಬಲು ಸುಲಭ. ‘ಲೈ ಭಾರಿ’ ಒಂದು. 2014ರಲ್ಲಿ ರಿತೇಶ್ ದೇಶಮುಖ್ ಸಿನಿಮಾದ ಹೆಸರೂ ಅದೇ ಆಗಿತ್ತು. ಇನ್ನೂ ಹತ್ತಿರದ್ದು ‘ನಾದ್ ಖುಳಾ’. ನಾದ್ ಎಂದರೆ ಗೀಳು, ಖುಳಾ ಎಂದರೆ ಮರುಳ. ಕುಸ್ತಿಯಲ್ಲಿ ಪಟ್ಟು ಬಿದ್ದರೂ, ಇಚಲಕರಂಜಿಯಲ್ಲಿ ಮಗ್ಗದ ಮಾಲಿಗೆ ಒಳ್ಳೆಯ ದರ ಬಂದರೂ ಇದು ಹೊಂದುತ್ತದೆ. ಡೆಬಾಕ್‌ನಂತೆಯೇ ಇದನ್ನೂ ವ್ಯಂಗ್ಯವಾಗಿ ಆಡಬಹುದು. ಗೆಳೆಯ ಮೂರನೇ ಸಲ ಸಾಲ ಕೇಳಿದಾಗ ಮುಖ ಗಂಟಿಕ್ಕಿ ತಗ್ಗಿದ ದನಿಯಲ್ಲಿ ‘ಡೆಬಾಕ್’ ಎಂದರೆ ಅದು ಹೊಗಳಿಕೆಯಲ್ಲ.

ಆದರೆ ಒಂದು ಎಚ್ಚರಿಕೆ ಬೇಕು. ಕೊರಿಯನ್ ಭಾಷೆಯಲ್ಲಿ ಹಿರಿಯರ ಎದುರು ಮರ್ಯಾದೆ ತೋರಿಸುವುದು ಕ್ರಿಯಾಪದದ ಕೊನೆಯಲ್ಲಿ. ಅಂಗಡಿ ತೆರೆದ ಹಿರಿಯರಿಗೆ ‘ಡೆಬಾಕ್ ನಾಸೆಯೊ’ ಎಂದರೆ ‘ವ್ಯಾಪಾರ ಚೆನ್ನಾಗಿ ಆಗಲಿ’ ಎಂಬ ಹಾರೈಕೆ, ತಪ್ಪಿಲ್ಲ. ಬರೀ ‘ಡೆಬಾಕ್!’ ಎಂದು ಮುಖದ ಮೇಲೆ ಹೇಳಿದರೆ ಅದು ಓಣಿಯ ಗೆಳೆಯನೊಡನೆ ಆಡುವ ಸಲಿಗೆಯ ಮಾತಾಗುತ್ತದೆ. 2014ರ ಜನವರಿಯಲ್ಲಿ ಆಗಿನ ಅಧ್ಯಕ್ಷೆ ಪಾರ್ಕ್ ಗುನ್-ಹೆ ಪತ್ರಿಕಾಗೋಷ್ಠಿಯಲ್ಲಿ ಉಭಯ ಕೊರಿಯಾಗಳ ಏಕೀಕರಣ ‘ಡೆಬಾಕ್’ ಎಂದಾಗ ಚರ್ಚೆಯಾದದ್ದು ಇದಕ್ಕೇ. ಅಷ್ಟು ಗಂಭೀರ ವಿಷಯಕ್ಕೆ ಈ ಬೀದಿಮಾತು ಹೊಂದುತ್ತದೆಯೇ ಎಂದು ಹಲವರು ಕೇಳಿದ್ದರು.

ಸಬ್‌ಟೈಟಲ್ ಬರೆಯುವವರ ಪಾಡೂ ಇದೇ. ನಗೆ, ನೋವು, ಮುದ್ದು ಮೂರಕ್ಕೂ ಒಂದೇ ಇಂಗ್ಲಿಷ್ ಉದ್ಗಾರ ಹಾಕಿದರೆ ಭಾವ ಕಾಣೆಯಾಗುತ್ತದೆ. ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಐಗೂ ಬಂದ ಕಡೆ ದೃಶ್ಯವನ್ನು ನಿಲ್ಲಿಸಿ, ಅದೇ ಜಾಗದಲ್ಲಿ ಮನೆಯ ಅಜ್ಜಿ ಇದ್ದಿದ್ದರೆ ‘ಯವ್ವಾ’ ಅನ್ನುತ್ತಿದ್ದಳೋ, ‘ಅಯ್ಯ, ಬರ್ರಿ’ ಅನ್ನುತ್ತಿದ್ದಳೋ ಎಂದು ಕೇಳಿಕೊಳ್ಳುವುದು. ಅಜ್ಜಿ ಪಕ್ಕದಲ್ಲೇ ಇದ್ದರೆ ಅವಳನ್ನೇ ಕೇಳಬಹುದು.