ಒಂದೇ ಬಿಲ್‌ಗೆ ಎರಡು ಸಲ ಹಣ ಹೋದರೆ

ಔಷಧಿ ಅಂಗಡಿಯಲ್ಲಿ 1,840 ರೂಪಾಯಿ ಬಿಲ್ ಆಗಿದೆ ಎಂದುಕೊಳ್ಳಿ. ಸಂಜೆ 7.42ಕ್ಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದಿರಿ. ಆ್ಯಪ್‌ನಲ್ಲಿ ಚಕ್ರ ಸುತ್ತುತ್ತಲೇ ಇದೆ, ಕೌಂಟರ್ ಮೇಲಿನ ಸೌಂಡ್‌ಬಾಕ್ಸ್ ಸದ್ದಿಲ್ಲ. ‘ಬಂದಿಲ್ಲ ಸಾರ್, ಇನ್ನೊಂದ್ಸಲ ಮಾಡಿ’ ಎನ್ನುತ್ತಾರೆ ಅಂಗಡಿಯವರು. 7.45ಕ್ಕೆ ಮತ್ತೆ ಪಾವತಿಸಿದಿರಿ, ಸೌಂಡ್‌ಬಾಕ್ಸ್ ಮಾತಾಡಿತು. ಮನೆಗೆ ಬಂದು ನೋಡಿದರೆ ಖಾತೆಯಿಂದ ಎರಡು ಸಲ ಹಣ ಕಡಿತವಾಗಿದೆ.

ದೂರು ಕೊಡುವ ಮೊದಲು ಎಸ್ಸೆಮ್ಮೆಸ್ ನಂಬಿ ಕೂರಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಒಂದೇ ಪಾವತಿಗೆ ಬ್ಯಾಂಕಿನಿಂದ ಒಂದು, ಆ್ಯಪ್‌ನಿಂದ ಒಂದು ಸಂದೇಶ ಬರುವುದುಂಟು. ಪ್ರತಿ ಯುಪಿಐ ವ್ಯವಹಾರಕ್ಕೂ 12 ಅಂಕಿಯ ಯುಟಿಆರ್ ಸಂಖ್ಯೆ ಇರುತ್ತದೆ. ಕೆಲವು ಬ್ಯಾಂಕುಗಳು ಅದನ್ನು ಆರ್‌ಆರ್‌ಎನ್ ಎಂದು ಬರೆಯುತ್ತವೆ. ಎರಡು ಸಂದೇಶಗಳಲ್ಲೂ ಅದೇ ಸಂಖ್ಯೆ ಇದ್ದರೆ ಹೋಗಿರುವುದು ಒಂದೇ ಸಲ. ಸ್ಟೇಟ್‌ಮೆಂಟಿನಲ್ಲಿ ಬೇರೆ ಬೇರೆ ಸಂಖ್ಯೆಯ ಎರಡು ಕಡಿತಗಳಿದ್ದರೆ ಮಾತ್ರ ಎರಡು ಸಲ ಹೋಗಿದೆ.

ಇನ್ನು ಮೊದಲನೆಯ ಹಣ ಎಲ್ಲಿದೆ ಎಂಬ ಪ್ರಶ್ನೆ. ಅಂಗಡಿಯವರು ತಮ್ಮ ಮರ್ಚೆಂಟ್ ಆ್ಯಪ್‌ನಲ್ಲಿ ಆ ದಿನದ ಪಟ್ಟಿ ತೆರೆದರೆ ಗೊತ್ತಾಗುತ್ತದೆ. ಅಲ್ಲಿ 7.45ರದ್ದು ಮಾತ್ರ ಇದ್ದರೆ ಮೊದಲನೆಯದು ನಡುದಾರಿಯಲ್ಲಿ ನಿಂತಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ ಆ ಮೊತ್ತ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದೆಯೇ ಕೊಡಬೇಕು.

ಎರಡೂ ಅಂಗಡಿಗೆ ತಲುಪಿದ್ದರೆ ಕಥೆ ಬೇರೆ. ವ್ಯವಸ್ಥೆಯ ಲೆಕ್ಕದಲ್ಲಿ ಅವೆರಡೂ ಯಶಸ್ವಿ ಪಾವತಿಗಳು; ತಾನಾಗಿ ಏನೂ ವಾಪಸ್ ಬರುವುದಿಲ್ಲ, ದಿನಕ್ಕೆ 100 ರೂಪಾಯಿಯ ನಿಯಮವೂ ಇಲ್ಲಿ ಅನ್ವಯಿಸದು. ಮೊದಲು ಅಂಗಡಿಯವರನ್ನೇ ಕೇಳಿ. ಹೆಚ್ಚಿನವರು ಪಟ್ಟಿ ನೋಡಿ ಅಲ್ಲೇ ಕೊಟ್ಟುಬಿಡುತ್ತಾರೆ. ಕೊಡದಿದ್ದರೆ ಆ್ಯಪ್‌ನ ವ್ಯವಹಾರ ಪಟ್ಟಿಯಲ್ಲಿ ಆ ಪಾವತಿಯನ್ನೇ ತೆರೆದು, ಅದರೊಳಗಿನ ಸಹಾಯ ವಿಭಾಗದಿಂದ ದೂರು ದಾಖಲಿಸಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಸಿಟ್ಟಿನಲ್ಲಿ ಎರಡೂ ಪಾವತಿಗಳ ಮೇಲೆ ದೂರು ಹಾಕುತ್ತಾರೆ. ಆಗ ಅಂಗಡಿಯ ಬ್ಯಾಂಕ್, ‘ಔಷಧಿ ಕೊಟ್ಟಿದ್ದೇವೆ, ಬಿಲ್ ಇದೆ’ ಎಂದು ಉತ್ತರಿಸಲು ದಾರಿ ಸಿಗುತ್ತದೆ. ಯಾವ ಪಾವತಿ ಬಿಲ್‌ಗೆ ಸಂದದ್ದು, ಯಾವುದು ಹೆಚ್ಚುವರಿ ಎಂದು ನೀವೇ ಹೇಳಿ, ಹೆಚ್ಚುವರಿಯ ಮೇಲಷ್ಟೇ ದೂರು ಕೊಡಿ. ನಮ್ಮ ಉದಾಹರಣೆಯಲ್ಲಿ ಒಕ್ಕಣೆ ಹೀಗಿದ್ದರೆ ಸಾಕು:

‘ಒಂದೇ ಬಿಲ್‌ಗೆ (ಬಿಲ್ ಸಂಖ್ಯೆ, ದಿನಾಂಕ, ಮೊತ್ತ 1,840 ರೂ.) ಎರಡು ಸಲ ಪಾವತಿಯಾಗಿದೆ. ಸಂಜೆ 7.45ರ ಪಾವತಿ (ಯುಟಿಆರ್ ಸಂಖ್ಯೆ) ಬಿಲ್‌ಗೆ ಸಂದಿದೆ, ಅದರ ಬಗ್ಗೆ ತಕರಾರಿಲ್ಲ. 7.42ರ ಪಾವತಿ (ಯುಟಿಆರ್ ಸಂಖ್ಯೆ) ಹೆಚ್ಚುವರಿ. ಇದಕ್ಕೆ ಬೇರೆ ಸರಕು ಪಡೆದಿಲ್ಲ. 1,840 ರೂ. ನನ್ನ ಖಾತೆಗೆ ಮರಳಿಸಿ.’

ಜೊತೆಗೆ ಬಿಲ್‌ನ ಫೋಟೊ, ಎರಡೂ ಕಡಿತಗಳು ಕಾಣುವ ಸ್ಟೇಟ್‌ಮೆಂಟ್ ಪುಟ, ಅಂಗಡಿಯ ಯುಪಿಐ ಐಡಿ ಕಾಣುವ ಆ್ಯಪ್ ಸ್ಕ್ರೀನ್‌ಶಾಟ್ ಇರಲಿ. ಇವುಗಳಲ್ಲಿ ಸ್ಟೇಟ್‌ಮೆಂಟೇ ಮುಖ್ಯ. ಹಣ ಖಾತೆ ಬಿಟ್ಟದ್ದಕ್ಕೆ ಬ್ಯಾಂಕಿನ ದಾಖಲೆಯಷ್ಟು ಗಟ್ಟಿ ಸಾಕ್ಷಿ ಸ್ಕ್ರೀನ್‌ಶಾಟ್ ಆಗಲಾರದು. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮತ್ತು ಈ ಎರಡು ಸಾಲು ಬಿಟ್ಟು ಉಳಿದದ್ದನ್ನು ಮುಚ್ಚಿ ಕಳಿಸಬಹುದು. ದೂರು ಕೊಟ್ಟ ನಂತರ ಅಂಗಡಿಯವರು ನಗದು ಕೊಟ್ಟರೆ ದೂರನ್ನು ತಕ್ಷಣ ಹಿಂತೆಗೆದುಕೊಳ್ಳಿ, ಇಲ್ಲವಾದರೆ ಅವರಿಗೆ ಅನ್ಯಾಯವಾಗುತ್ತದೆ.

ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆ್ಯಪ್‌ನವರು ಸ್ಪಂದಿಸದಿದ್ದರೆ ಅದೇ ಒಕ್ಕಣೆಯನ್ನು ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ಕೊಡಿ. 30 ದಿನವಾದರೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಆದರೆ ಒಂಬುಡ್ಸ್‌ಮನ್ ನೋಡುವುದು ಬ್ಯಾಂಕ್ ಅಥವಾ ಪಾವತಿ ಸಂಸ್ಥೆಯ ಸೇವಾಲೋಪವನ್ನು. ಹಣ ಪಡೆದೂ ಕೊಡುವುದಿಲ್ಲವೆನ್ನುವ ಅಂಗಡಿಯ ಮೇಲಿನ ತಕರಾರಿಗೆ ಗ್ರಾಹಕರ ಆಯೋಗವಿದೆ.

ಕಸ್ಟಮರ್ ಕೇರ್ ನಂಬರನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಹುಡುಕಿ ಕರೆ ಮಾಡಬೇಡಿ. ಅಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಆ್ಯಪ್‌ನ ಒಳಗೆ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ನಂಬರನ್ನೇ ಬಳಸಿ. ಖಾತೆಗೆ ಹಣ ಮರಳಿ ಬರಲು ಯುಪಿಐ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಒತ್ತಿ ಎಂದು ಯಾರಾದರೂ ಹೇಳಿದರೆ ಕರೆ ಕಡಿದು, 1930ಕ್ಕೆ ತಿಳಿಸಿ.